ಬಿಡಿ ಕಡ್ಡಿ ಸಾಲದಾಗ

ರಾಯಚೂರಿನ ಡಿ.ಎಡ್. ವಿದ್ಯಾರ್ಥಿನಿ ಸುಮಂಗಲಾ ಬೋಧನಾಭ್ಯಾಸಕ್ಕೆಂದು ಪೋತ್ನಾಳದ ಶಾಲೆಯೊಂದರ ಮೂರನೇ ತರಗತಿಗೆ ಬಂದಿದ್ದಳು. ಮಗು ಒಂಟಿಯಾಗಿ ಮಾಡಲಾರದ್ದನ್ನು ತುಸು ನೆರವಿನಿಂದ ಮಾಡಬಲ್ಲದು, ಕಲಿಸಬೇಕಾದದ್ದು ಅಲ್ಲಿಯೇ ಎಂದು ತನ್ನ ಪ್ರಬಂಧದಲ್ಲಿ ಬರೆದೂ ಆಗಿತ್ತು. ಆದರೂ ಭೂಮಿಕಾ ಎಂಬ ಹುಡುಗಿ ನಲವತ್ತಮೂರರಲ್ಲಿ ಹದಿನೆಂಟು ಕಳೆಯಲಾಗದೆ ಕೂತಾಗ ಸುಮಂಗಲಾ ಉತ್ತರವನ್ನು ತಾನೇ ಬರೆದುಕೊಟ್ಟಳು. ಮುಂದಿನ ಲೆಕ್ಕಕ್ಕೂ ಭೂಮಿಕಾ ಅವಳ ಮುಖವನ್ನೇ ನೋಡಿದಳು.

ಸುಮಂಗಲಾಗೆ ನಾಚಿಕೆಯಾಯಿತು. ಹತ್ತು ಹತ್ತು ಕಡ್ಡಿಗಳ ಆರು ಕಟ್ಟು, ಎರಡು ಬಿಡಿ ಕಡ್ಡಿ ತಂದಿಟ್ಟಳು. ಅರವತ್ತೆರಡರಲ್ಲಿ ಮೂವತ್ತೈದು ಕಳೆಯಬೇಕಿತ್ತು.

"ಬಿಡಿ ಕಡ್ಡಿ ಎರಡೇ ಅದಾವು, ಐದು ತೆಗೀಬೇಕು. ಏನ್ ಮಾಡ್ತಿ?"

ಭೂಮಿಕಾ ಯೋಚಿಸಿ ಒಂದು ಕಟ್ಟು ಬಿಚ್ಚಿದಳು. "ಈಗ ಹನ್ನೆರಡು ಆದವ್ರಿ!"

ಇಪ್ಪತ್ತೇಳು ಉಳಿಯಿತು.

ಮರುದಿನ ಕಡ್ಡಿಯ ಬದಲು ಕಟ್ಟುಗಳ ಚಿತ್ರ ಬರೆಸಿದಳು. ಮೂರನೆಯ ದಿನ ಬರೀ ಪ್ರಶ್ನೆ ಕೇಳಿದಳು. ನಾಲ್ಕನೆಯ ದಿನ ಅವಳು ಬಾಯಿ ತೆರೆಯುವಷ್ಟರಲ್ಲಿ ಭೂಮಿಕಾ ಕೈ ಅಡ್ಡ ಹಿಡಿದಳು.

"ಟೀಚರ್, ನೀವು ಸುಮ್ಕಿರ್ರಿ. ನಾ ಮಾಡ್ತೀನಿ."

ಮಾಡಿದಳು, ಸರಿಯಾಗಿಯೇ. ಸುಮಂಗಲಾ ಜೋರಾಗಿ ನಕ್ಕುಬಿಟ್ಟಳು. ಭೂಮಿಕಾ ಆಗಲೇ ಪಕ್ಕದವಳ ಸ್ಲೇಟಿನತ್ತ ಬಾಗಿ, "ಉತ್ತರ ಹೇಳಂಗಿಲ್ಲ. ಮೊದಲು ಬಿಡಿ ಎಷ್ಟದಾವ ನೋಡು" ಎನ್ನುತ್ತಿದ್ದಳು.