ಒಟ್ಟು ಮೊತ್ತ ಸರಿ ಅದ

ಹೊಸ ಸಾಫ್ಟ್‌ವೇರ್ ಹಾಕಿದ ದಿನ ನಮ್ಮ ಬ್ಯಾಂಕಿನ ಜಾಲಹಳ್ಳಿ ಶಾಖೆಗೆ ಕಲ್ಲೂರು ಶಾಖೆಯ ಕೋಡ್ ಬಿದ್ದು, ಜಾಲಹಳ್ಳಿಯವರ ಹಣ ಕಲ್ಲೂರಿನ ಅದೇ ಸಂಖ್ಯೆಯ ಖಾತೆಗಳಿಗೆ ಜಮೆಯಾಯಿತು. ಆಂತರಿಕ ಲೆಕ್ಕಪರಿಶೋಧಕಿಯಾಗಿ ನಾನು ವರದಿ ಬರೆದೆ. ರಾಯಚೂರಿನ ಮುಖ್ಯ ಕಚೇರಿಯಲ್ಲಿ ವ್ಯವಸ್ಥಾಪಕ ಬಸವಪ್ರಸಾದರು ಅದನ್ನು ಓದಿದರು.

“ಮೇಡಂ, ಬ್ಯಾಂಕಿನ ಒಟ್ಟು ಮೊತ್ತ ಸರಿ ಅದ. ನಷ್ಟ ಇಲ್ಲ ಅಂತ ಬರೀರಿ. ಖಾತೆಗಳ ಪಟ್ಟಿ ವರದಿಯಿಂದ ತೆಗೀರಿ.”

“ತೆಗೆದ್ರ ಗೋಪಮ್ಮಗ ರೊಕ್ಕ ಹೆಂಗ ವಾಪಸ್ ಬರ್ತದ್ರೀ?”

“ಯಾರ್ರೀ ಗೋಪಮ್ಮ?”

“ಜಾಲಹಳ್ಳಿಯಾಕಿ. ಗಂಡ ಸತ್ತ ಮ್ಯಾಲ ಬಂದ ವಿಮಾ ರೊಕ್ಕ ಈಗ ಕಲ್ಲೂರಿನ ಅಕ್ಕಿ ಮಿಲ್ಲಿನ ಖಾತ್ಯಾಗ ಅದ.”

“ಮಿಲ್ಲಿನವ್ರು ದೊಡ್ಡ ಗಿರಾಕಿ. ನಾನ ಮೆಲ್ಲಕ ಕೇಳ್ತೀನಿ, ಬಿಡ್ರಿ.”

“ಮೆಲ್ಲಕ ಕೇಳ್ರಿ ಸರ್. ವರದಿ ಮಾತ್ರ ಹಿಂಗ ಹೋಗ್ತದ.”

ಪಟ್ಟಿಯಲ್ಲಿ ಗೋಪಮ್ಮನನ್ನು ಮೊದಲ ಸಾಲಿಗೆ ತಂದು, ಸಹಿ ಮಾಡಿ, ವರದಿಯನ್ನು ನೇರವಾಗಿ ಲೆಕ್ಕಪರಿಶೋಧನಾ ಸಮಿತಿಗೆ ಕಳಿಸಿದೆ.