ಮಾವನ ಔಷಧಿಯ ಬಾಬ್ತು

ಸಂಬಳ ಬಂದ ಮೊದಲ ಭಾನುವಾರ, ತಿಂಡಿ ತಟ್ಟೆ ಎತ್ತಿದ ಮೇಲೆ, ಸೊಸೆ ಊಟದ ಮೇಜು ಒರೆಸಿ ಹಾಳೆ ಹರಡಿದಳೆಂದರೆ ಮನೆಮಂದಿಯೆಲ್ಲ ಹಾಜರಾಗಬೇಕು. ಅವಳು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಲೆಕ್ಕ ಬರೆಯುವವಳು, ಗಂಡ ವ್ಯಾನ್ ಡ್ರೈವರ್. ಹಾಳೆಯ ಮೇಲುಗಡೆ ಇಬ್ಬರ ಸಂಬಳ, ಕೆಳಗೆ ಬಾಬ್ತುಗಳು: ಬಾಡಿಗೆ, ದಿನಸಿ, ಕರೆಂಟು, ಮಾವನ ಔಷಧಿ, ಮೂರು ತಿಂಗಳಿಗೊಮ್ಮೆ ಕಟ್ಟುವ ಇಬ್ಬರು ಮಕ್ಕಳ ಫೀಸಿನ ಮೂರನೇ ಒಂದು ಪಾಲು, ಕಷ್ಟಕಾಲಕ್ಕೆಂದು ಎತ್ತಿಡುವ ಚೂರು. ಎಲ್ಲ ಹಂಚಿದ ಮೇಲೆ ಕೊನೆಗೆ ಸೊನ್ನೆ ಬರಬೇಕು. ಎತ್ತಿಡುವ ದುಡ್ಡಿಗೂ ಒಂದು ಬಾಬ್ತು ಇರಬೇಕು, ಹೆಸರಿಲ್ಲದೆ ಅಲೆಯುವ ದುಡ್ಡು ಮಾತ್ರ ಇರಕೂಡದು.

ಹೋದ ತಿಂಗಳು ಇಷ್ಟು ಕೊಟ್ಟಿದ್ದೆವಲ್ಲ, ಈ ತಿಂಗಳೂ ಇರಲಿ ಅನ್ನುವ ಮಾತು ಅಲ್ಲಿ ನಡೆಯದು. ಪ್ರತಿ ತಿಂಗಳೂ ಮೊದಲಿನಿಂದ ಶುರು. ಅವಳು ಒಂದೊಂದೇ ಬಾಬ್ತು ಓದಿ "ಇದು ಯಾಕೆ? ಇಷ್ಟು ಯಾಕೆ?" ಅಂತ ಕೇಳುತ್ತಾಳೆ. ಕೇಬಲ್ ಟಿವಿ ಉತ್ತರ ಹೇಳಲಾರದೆ ಆಗಲೇ ಮನೆ ಬಿಟ್ಟಿತ್ತು. ಗಂಡನ ಗೆಳೆಯರ ಚಹಾ ಅರ್ಧಕ್ಕೆ ಇಳಿದಿತ್ತು. ಪದ್ಧತಿ ಒಳ್ಳೆಯದೇ. ಆದರೆ ಯಾರ ಮುಂದೆ ಏನು ಕೇಳುತ್ತಿದ್ದೇನೆ ಅನ್ನುವುದು ಲೆಕ್ಕದ ಗುಂಗಿನಲ್ಲಿ ಅವಳಿಗೆ ಹೊಳೆದೇ ಇರಲಿಲ್ಲ, ಪಾಪ.

"ಮಾವನ ಔಷಧಿ," ಅಂದಳು ಈ ಸಲ. "ಹೋದ ತಿಂಗಳದ್ದೇ ಒಂಬೈನೂರು ಉಳಿದಿದೆ."

"ಬಿಡು, ಒಳ್ಳೇದಾಯ್ತು!" ಗಂಡ ಕೈ ಉಜ್ಜಿಕೊಂಡ. "ಪುಟ್ಟಿ ಯೂನಿಫಾರ್ಮಿಗೆ ಹಾಕು. ಈ ತಿಂಗಳು ಔಷಧಿಗೂ ಅಷ್ಟು ಕಮ್ಮಿ ಇಟ್ರಾಯ್ತು."

ಮಾವ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ತಲೆಯಾಡಿಸಿದರು. ನಲವತ್ತು ವರ್ಷ ಟೈಲರ್ ಆಗಿದ್ದವರು. ಊರವರ ಬಟ್ಟೆಯನ್ನೆಲ್ಲ ಅಳತೆಗೆ ಸರಿಯಾಗಿ ಹೊಲಿದು, ತಮ್ಮ ಅಂಗಿಗೆ ಮಾತ್ರ ತೇಪೆ ಹಾಕಿಕೊಂಡೇ ಬಂದವರು. ಇವತ್ತು ಅವರ ಮುಖದಲ್ಲಿ ಎಂಥದೋ ಗೆಲುವಿತ್ತು. ಸೊಸೆಗೆ ಅದೇ ಸರಿಬರಲಿಲ್ಲ.

"ತಾಳ್ರೀ. ಜಾಸ್ತಿಯಾದ್ರೆ ಯಾಕೆ ಅಂತ ಕೇಳ್ತೀವಿ, ಕಮ್ಮಿಯಾದ್ರೂ ಕೇಳ್ಬೇಕು. ಮಾತ್ರೆ ರೇಟ್ ಇಳಿದಿಲ್ಲ, ಡಾಕ್ಟ್ರು ಚೀಟಿ ಬದಲಾಯಿಸಿಲ್ಲ. ಮತ್ತೆ ದುಡ್ಡು ಹೆಂಗೆ ಉಳೀತು?"

ಅವಳು ಎದ್ದು ಒಳಗೆ ಹೋಗಿ ಮಾವನ ಮಾತ್ರೆ ಡಬ್ಬಿ ತಂದು ಮೇಜಿನ ಮೇಲೆ ಸುರಿದಳು. ಖಾಲಿಯಾಗಿರಬೇಕಿದ್ದ ಬಿಪಿ ಮಾತ್ರೆಯ ಪಟ್ಟಿಗಳು ಅರ್ಧಕ್ಕರ್ಧ ತುಂಬಿಯೇ ಇದ್ದವು.

"ಮಾವ?"

"ದಿನ ಬಿಟ್ಟು ದಿನ ತಗೊಳ್ತಿದ್ದೆ ಕಣಮ್ಮ," ಅಂದರು ಮಾವ. "ಮೊದಲಿನದ್ದು ಉಳಿದಿತ್ತು, ಹೋದ ತಿಂಗಳು ಅರ್ಧ ಮಾತ್ರ ಕೊಂಡೆ. ಏನೂ ಆಗಿಲ್ಲ, ಗುಂಡುಕಲ್ಲಿನ ಹಾಗೆ ಇದ್ದೀನಿ. ನೀನು ತಿಂಗಳಾ ತಿಂಗಳಾ ಕೇಳ್ತೀಯಲ್ಲ, ಇದು ಯಾಕೆ ಅಂತ. ಫೀಸಿಗೆ ಕಾರಣ ಉಂಟು, ಮಕ್ಕಳು ಬೆಳೆಯೋರು. ನನ್ನ ಮಾತ್ರೆಗೆ ಏನು ಕಾರಣ ಹೇಳ್ಲಿ? ನಾನೂ ಯೋಚನೆ ಮಾಡಿ ನೋಡ್ದೆ. ಒಂದೂ ಸಿಗಲಿಲ್ಲ."

ಖರ್ಚಿಗೆ ಕೇಳಿದ ಪ್ರಶ್ನೆಯನ್ನು ಈ ಮನುಷ್ಯ ತಮ್ಮ ಮೈಮೇಲೆ ಹಾಕಿಕೊಂಡು ಕೂತಿದ್ದರು. ಸೊಸೆಗೆ ಸಿಟ್ಟು ಬಂತು, ಅಳುವೂ ಬಂತು. ಯಾವುದನ್ನು ಮೊದಲು ಆಚೆ ಬಿಡಲಿ ಅಂತ ತಿಳಿಯದೆ ಪೆನ್ನು ಎತ್ತಿಕೊಂಡಳು.

"ನಾಳೆ ಡಾಕ್ಟ್ರ ಹತ್ರ ಹೋಗ್ತಿದ್ದೀವಿ. ಬಿಪಿ ನೋಡಿಸಿ, ಅವರು ಹೇಳಿದ ಟೆಸ್ಟ್ ಎಲ್ಲ ಮಾಡಿಸ್ಬೇಕು. ಆ ಒಂಬೈನೂರು ಅಲ್ಲಿಗೆ ಹೋಗ್ಲಿ. ಔಷಧಿಗೆ ಈ ತಿಂಗಳೂ ಒಂದು ಕಾಸೂ ಕಡಿತ ಇಲ್ಲ."

"ಅಯ್ಯೋ, ಅದು ಪುಟ್ಟಿಗೆ ಅಂತ ಉಳಿಸಿದ್ದು!" ಅಂದರು ಮಾವ.

"ಪುಟ್ಟಿ ಯೂನಿಫಾರ್ಮ್ ಅಂಚು ಬಿಚ್ಚಿ ಉದ್ದ ಮಾಡಿದ್ರೆ ಇನ್ನೊಂದು ವರ್ಷ ಬರತ್ತೆ. ಮಾಡ್ಕೊಡೋಕೆ ಮನೇಲಿ ಟೈಲರ್ ಇದ್ದಾರೆ."

ಮಾವ ಅಷ್ಟಕ್ಕೆ ಬಗ್ಗುವವರಲ್ಲ. "ಕಾರಣ ಇಲ್ಲದೆ ಬರೀಬಾರದು ಅಂತ ನೀನೇ ಹೇಳಿದ್ದು. ನಿಯಮ ಅಂದ್ರೆ ನಿಯಮ. ನನ್ನ ಬಾಬ್ತಿಗೆ ಕಾರಣ ಹೇಳು ನೋಡೋಣ."

ಸೊಸೆ ಆ ಬಾಬ್ತಿನ ಪಕ್ಕ ಏನೋ ಬರೆದು ಹೊಡೆದುಹಾಕಿದಳು. ಹೇಳಬೇಕಾದ್ದು ನೂರಿತ್ತು, ಒಂದೂ ಲೆಕ್ಕದ ಹಾಳೆಗೆ ಹೊಂದುವಂತಿರಲಿಲ್ಲ. ಗಂಡ ಅಪ್ಪನ ಕಡೆ ನೋಡಲಾರದೆ ಮಾತ್ರೆ ಪಟ್ಟಿಗಳನ್ನು ಸುಮ್ಮನೆ ಜೋಡಿಸುತ್ತಿದ್ದ.

ಅಷ್ಟು ಹೊತ್ತೂ ಬಟಾಣಿ ಬಿಡಿಸುತ್ತ ಕೂತಿದ್ದ ಅತ್ತೆ ಬುಟ್ಟಿಯನ್ನು ಪಕ್ಕಕ್ಕಿಟ್ಟರು. ಲೆಕ್ಕದ ಭಾನುವಾರಗಳಲ್ಲಿ ಅವರು ಒಂದು ಮಾತೂ ಆಡಿದ್ದಿಲ್ಲ.

"ನಾನು ಹೇಳ್ತೀನಿ, ಬರ್ಕೊಳೇ," ಅಂದರು. "ಬೆಳಗಾಗೆದ್ರೆ ಇವರ ಜೊತೆ ಜಗಳ ಆಡಿ ಆಡಿ ಐವತ್ತು ವರ್ಷದ ಅಭ್ಯಾಸ ನಂಗೆ. ಇವರು ಹೋಗಿಬಿಟ್ರೆ ನಾನು ಯಾರನ್ನ ಬೈಲಿ? ನಿನ್ನನ್ನ ಬೈಯೋಕೆ ನಂಗೆ ಮನಸ್ಸು ಬರಲ್ಲ."

ನಗಬೇಕಾದ ಮಾತೇ. ಆದರೆ ಕೊನೆಗೆ ಬರುವಷ್ಟರಲ್ಲಿ ಅತ್ತೆಯ ದನಿ ನಡುಗಿತು. ಮಾವ ಹೆಂಡತಿಯ ಮುಖವನ್ನೇ ನೋಡುತ್ತ ಕೂತರು. ಸೊಸೆ ಔಷಧಿಯ ಬಾಬ್ತಿನ ಮುಂದೆ ಪೂರ್ತಿ ಮೊತ್ತ ಬರೆದಳು. ಅದರ ಪಕ್ಕದಲ್ಲಿ, ಕಣ್ಣು ಮಂಜಾಗಿ ಅಕ್ಷರ ಸೊಟ್ಟಗಾದರೂ, ಅತ್ತೆ ಹೇಳಿದ್ದನ್ನು ಹೇಳಿದ ಹಾಗೇ ಬರೆದಳು.

ಮಾವ ಕೈ ಚಾಚಿ ಪಟ್ಟಿಯಿಂದ ಒಂದು ಮಾತ್ರೆ ಬಿಡಿಸಿಕೊಂಡರು.

"ಸುಮ್ಮನೆ ನೋಡ್ತಾ ಕೂತಿದ್ದೀಯಲ್ಲ, ನೀರು ಕೊಡೇ," ಅಂದರು ಹೆಂಡತಿಗೆ.

"ಕೈಕಾಲು ಗಟ್ಟಿ ಇಲ್ವಾ? ಎದ್ದು ತಗೊಳ್ಳಿ," ಅಂದರು ಅತ್ತೆ. ಅನ್ನುತ್ತಲೇ ಎದ್ದು ಹೋಗಿ ನೀರು ತಂದುಕೊಟ್ಟರು.