ಬಿಳಿ ಟೇಪು ಸುತ್ತಿದ ಪಿನ್ನು

ಮಣಿಕೊಂಡದ ಆರನೆಯ ಮಹಡಿಯ ಹೊಸ ಮನೆಯಲ್ಲಿ ಮರುದಿನ ಬೆಳಿಗ್ಗೆ ಹಾಲು ಉಕ್ಕಿಸಬೇಕಾಗಿತ್ತು. ಅದರ ಹಿಂದಿನ ಮಧ್ಯಾಹ್ನವೇ ಅಡುಗೆಮನೆಯ ಗೋಡೆ ಬೆವರತೊಡಗಿತು.

ಪ್ಲಂಬರ್ ಕಾಶಿನಾಥ ಓಡಿಬಂದು ವಾಲ್ವ್ ಬಂದ್ ಮಾಡಿ ಗೋಡೆಗೆ ಅಂಗೈ ಒತ್ತಿದ. ಒಳಗೆ ಪೈಪಿನ ಜೋಡಣೆ ಜಿನುಗುತ್ತಿತ್ತು. ಎಲ್ಲಿ ಎಂಬುದೇ ತಿಳಿಯದು. ಟೈಲ್ಸುಗಳ ಸಂದಿನಲ್ಲಿ ತೇವ ಆರು ಬಿಲ್ಲೆಗಳ ಅಗಲಕ್ಕೆ ಹರಡಿತ್ತು.

"ಆರನ್ನೂ ಒಡೀತೀಯಾ?" ಮನೆಯೊಡತಿ ಜಯಮ್ಮ ಗೋಡೆಗೆ ಅಡ್ಡ ನಿಂತರು. "ಇವು ನಮ್ಮ ಯಜಮಾನರು ಅಂಗಡಿ ಅಂಗಡಿ ಸುತ್ತಿ ಆರಿಸಿದ್ದು ಕಣಪ್ಪ. ಈ ನಮೂನೆ ಈಗ ಬರೋದೇ ಇಲ್ಲವಂತೆ. ಮಿಕ್ಕಿರೋದು ಒಂದೇ ಒಂದು."

ಯಜಮಾನರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಕಾಶಿನಾಥ ತಲೆ ತಗ್ಗಿಸಿದ. ಆಮೇಲೆ ಥಟ್ಟನೆ ಎತ್ತಿದ.

"ಒಳಗಿನ ಪೈಪಿಂದು ಫೋಟೊ ಐತ್ರಿ ಅಮ್ಮಾ! ಪ್ಲಾಸ್ಟರ್ ಮಾಡೂಕಿಂತ ಮದಲ, ಟೇಪ್ ಹಿಡಿದು ಅಳತಿ ಸಮೇತ ತಗದಿನ್ರಿ. ಒಂದ ಬಿಲ್ಲಿ ತಗದ್ರ ಸಾಕು!"

ಫೋಟೊ ಇದ್ದದ್ದು ಅವನ ಫೋನಿನಲ್ಲಿ ಮಾತ್ರ. ಫೋನು ಚಾರ್ಜ್ ಇಲ್ಲದೆ ಬೆಳಗಿನಿಂದ ಸತ್ತು ಬಿದ್ದಿತ್ತು. ಹದಿನೈದು ದಿನದಲ್ಲಿ ಮೂರು ಕೇಬಲ್ ಕೊಂಡಿದ್ದ. ಪ್ರತಿಯೊಂದೂ ಹಾಕಿದ ಮೊದಲ ದಿನವೇ ಅಲುಗಾಡುತ್ತಿತ್ತು. ಅವನು ಒಂದೇ ಉಸಿರಿಗೆ ಆರು ಮಹಡಿ ಇಳಿದು, ಗಲ್ಲಿಯ ಮೂಲೆಯಲ್ಲಿದ್ದ ರೇಣುಕಾಳ ರಿಪೇರಿ ಅಂಗಡಿಗೆ ನುಗ್ಗಿದ.

"ಅಕ್ಕಾ, ಭಾಳ ಗಟ್ಟಿ ಇರೋ ಕೇಬಲ್ ಒಂದು ಕೊಡು. ಲಗೂ!"

ಗುರುಮಿಠಕಲ್ಲಿನ ರೇಣುಕಾ ಕಣ್ಣಿನ ಭೂತಗನ್ನಡಿಯನ್ನು ಹಣೆಗೇರಿಸಿದಳು. "ಇದು ನಾಲ್ಕನೇದು. ಕೇಬಲ್ ಉಪ್ಪಿನಕಾಯಿ ಹಾಕಾಕತ್ತಿ ಏನೋ ಅಣ್ಣಾ? ನಿಂದು ತಾ ಇಲ್ಲಿ."

ಅವನ ಕೇಬಲ್ಲಿನ ಪಿನ್ನನ್ನು ಕಂಡು ಅವಳು ನಕ್ಕೇಬಿಟ್ಟಳು. ನೀರು ಸೋರದಂತೆ ನಲ್ಲಿಯ ತಿರುಪಿಗೆ ಸುತ್ತುವ ಬಿಳಿ ಟೇಪನ್ನು ಅದಕ್ಕೆ ಎರಡು ಸುತ್ತು ಸುತ್ತಿದ್ದ.

"ಸಡಿಲಿತ್ತಲ್ಲ, ಬಿಗಿ ಮಾಡೀನಿ," ಎಂದ ಕಾಶಿನಾಥ.

"ಫೋನಿನ್ಯಾಗ ನೀರ್ ಬಿಡಾಂವಿದ್ದಿಯೇನು?"

ಅವಳು ಟೇಪು ಬಿಚ್ಚಿ ಅದೇ ಪಿನ್ನನ್ನು ತನ್ನ ಫೋನಿಗೆ ಹಾಕಿದಳು. ಟಕ್ಕನೆ ಕೂತಿತು, ಚಾರ್ಜ್ ಏರಿತು. ತನ್ನ ಕೇಬಲ್ ತೆಗೆದು ಅವನ ಫೋನಿಗೆ ಹಾಕಿದಳು. ಅದು ಜೋತುಬಿತ್ತು.

"ನೋಡಿದಿ? ನಿನ್ನ ಕೇಬಲ್ ಚಲೋ ಐತಿ. ನನ್ನ ಕೇಬಲ್ಲೂ ನಿನ್ನ ಫೋನಿನ್ಯಾಗ ಕುಣೀತೈತಿ. ಇನ್ನ ಹತ್ತು ಕೊಂಡ್ರೂ ಅಷ್ಟ. ಒಮ್ಮೊಮ್ಮೆ ಒಳಗ ಕಸ ಕೂತ್ರೂ ಹಿಂಗ ಆಗ್ತೈತಿ, ತಡಿ."

ಮರದ ಕಡ್ಡಿಯಿಂದ ಮೆಲ್ಲಗೆ ಕೆದಕಿದಳು. ಜೇಬಿನ ನೂಲು, ಸಿಮೆಂಟಿನ ಪುಡಿ, ಬಿಳಿ ಟೇಪಿನ ಚೂರುಗಳು ಹೊರಬಂದವು. ಪಿನ್ನು ಈಗ ಪೂರ್ತಿ ಒಳಹೋಯಿತು. ಪರದೆಯ ಮೇಲೆ ಬ್ಯಾಟರಿಯ ಗುರುತು ಮಿಂಚಿತು. ಕಾಶಿನಾಥ ಕೂಗುವಷ್ಟರಲ್ಲೇ ಆರಿತು. ಅವಳು ಭೂತಗನ್ನಡಿಯನ್ನು ಕಣ್ಣಿಗಿಳಿಸಿ ನೋಡಿದಳು.

"ಒಳಗಿನ ಸಣ್ಣ ನಾಲಿಗಿ ವಾಲೇತಿ. ಸುತ್ತಿನ ತಗಡೂ ಸಡಿಲ ಆಗೇತಿ. ನೀ ಟೇಪ್ ಸುತ್ತಿ ಒತ್ತೀದಿ, ಇನ್ನಷ್ಟು ಕೆಟ್ಟೈತಿ. ಪಿನ್ನು ಹೋಗೋ ಪೋರ್ಟೇ ಬದಲಿ ಮಾಡ್ಬೇಕು."

"ಬದಲಿ ಮಾಡಿದ್ರ ಫೋಟೊ ಹೋಗ್ತಾವಲ್ಲ ಅಕ್ಕಾ!"

"ಬಾಯಿ ಬದಲಿ ಮಾಡಿದ್ರ ಹೊಟ್ಟ್ಯಾಗಿಂದು ಹೆಂಗ ಹೋಗ್ತೈತೋ? ಫೋಟೊ ಇರೋದು ಮ್ಯಾಲಿನ ದೊಡ್ಡ ಬೋರ್ಡಿನ್ಯಾಗ. ಈ ಮಾಡೆಲ್‌ನ್ಯಾಗ ಪೋರ್ಟು ಕೆಳಗ ಬ್ಯಾರೇ ಸಣ್ಣ ಬೋರ್ಡಿನ ಮ್ಯಾಲ ಐತಿ. ಅರ್ಧ ತಾಸು ಕುಂದ್ರು."

ಅವನು ಕೂರಲಿಲ್ಲ. ಅವಳು ಬೆನ್ನಿನ ಮುಚ್ಚಳವನ್ನು ಬಿಸಿ ಮಾಡಿ ಬಿಚ್ಚಿ, ಬ್ಯಾಟರಿಯ ಕೊಂಡಿ ಕಳಚಿ, ಸಣ್ಣ ತಿರುಪುಗಳನ್ನು ಸಾಲಾಗಿ ಇಟ್ಟಳು. ಅವನು ಒಂದೊಂದು ತಿರುಪಿಗೂ ಒಮ್ಮೆ ಶಿವ ಶಿವ ಎಂದ. ಹೊಸ ಬೋರ್ಡು ಕೂತಿತು. ಪಿನ್ನು ಒಳಗೆ ಹೋಗಿ ಟಕ್ ಎಂದಿತು. ಅವಳು ಕೇಬಲ್ಲನ್ನು ಅಲ್ಲಾಡಿಸಿದಳು. ಚಾರ್ಜ್ ಕಡಿಯಲಿಲ್ಲ. ಐದು ನಿಮಿಷದಲ್ಲಿ ಫೋನು ಕಣ್ಣು ಬಿಟ್ಟಿತು.

"ಬಂತು! ಸಿಕ್ತು!" ಫೋಟೊದಲ್ಲಿ ಬರಿಯ ಇಟ್ಟಿಗೆಗೋಡೆ, ಪೈಪು, ಅದು ತಿರುಗುವಲ್ಲಿ ಇದ್ದೊಂದೇ ಜೋಡಣೆಯಾದ ಹಿತ್ತಾಳೆಯ ಮೊಣಕೈ, ಮಗ್ಗುಲಲ್ಲೇ ಹಳದಿ ಅಳತೆಪಟ್ಟಿ. ಕಾಶಿನಾಥ ಆರು ಮಹಡಿಯನ್ನೂ ಹಾರಿ ಹಾರಿ ಹತ್ತಿದ.

ಕಿಟಕಿಯ ಮೂಲೆಯಿಂದ ಎಪ್ಪತ್ತೆರಡು, ಕಟ್ಟೆಯಿಂದ ಮೇಲೆ ಮೂವತ್ತೊಂದು ಸೆಂಟಿಮೀಟರು. ಎರಡನೆಯ ಸಾಲಿನ ಮೂರನೆಯ ಬಿಲ್ಲೆ. ಜಯಮ್ಮ ದೇವರ ಮುಂದೆ ನಿಂತಂತೆ ಕೈಜೋಡಿಸಿದ್ದರು. ಬ್ಲೇಡು ಸಂದನ್ನು ಸುತ್ತಲೂ ಕೊಯ್ದಿತು. ಉಳಿ ತಾಗಿತು. ಬಿಲ್ಲೆ ಬಿತ್ತು. ಗಾರೆ ಕೆದಕಿದರೆ ನಟ್ಟನಡುವೆ ಹಿತ್ತಾಳೆಯ ಮೊಣಕೈ, ಅದರ ಕಂಠದಲ್ಲಿ ಒಂದು ಹನಿ.

"ಇಲ್ಲೇ ಐತ್ರೀ!"

ಹಳೆಯದನ್ನು ಬಿಚ್ಚಿ ಹೊಸದನ್ನು ಬಿಗಿದು, ಒರೆಸಿ, ಅವನು ವಾಲ್ವ್ ತೆರೆದ. ಪೈಪಿನಲ್ಲಿ ನೀರು ಗುಡುಗುಡು ಓಡಿತು. ಇಬ್ಬರೂ ಜೋಡಣೆಯನ್ನೇ ನೋಡುತ್ತ ಕಾದರು. ಐದು ನಿಮಿಷ, ಹತ್ತು ನಿಮಿಷ. ಜಯಮ್ಮ ಸೆರಗಿನ ತುದಿಯನ್ನು ಜೋಡಣೆಯ ಸುತ್ತ ಒತ್ತಿ ತೆಗೆದು ಬೆಳಕಿಗೆ ಹಿಡಿದರು.

"ಒಣಗೇ ಇದೆ ಕಣೋ ಕಾಶಿನಾಥ! ಒಣಗೇ ಇದೆ! ಮಿಕ್ಕಿರೋ ಆ ಒಂದು ಬಿಲ್ಲೆ ಕೂರಿಸಿಬಿಡು, ಬೆಳಿಗ್ಗೆ ಹಾಲು ಉಕ್ಕಿಸೋಣ!"